ಸಂಬಳ 45,500, ಆಸ್ತಿ 68,000: ಒಬ್ಬ ಟೀಚರ್ ಮನೆಯ ಲೆಕ್ಕ

(ತುಮಕೂರು ಜಿಲ್ಲೆಯಲ್ಲಿ ಹೊಸದಾಗಿ ನೌಕರಿಗೆ ಸೇರಿದ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ನಿಮ್ಮಲ್ಲಿ ಸುಮಾರು ಜನ ಆಸ್ತಿ ಮತ್ತು ಹೊಣೆಗಾರಿಕೆ ಪಟ್ಟಿಯನ್ನು ಒಮ್ಮೆಯಾದರೂ ತುಂಬಿರುತ್ತೀರಿ. ಸರ್ಕಾರಿ ನೌಕರರು ವರ್ಷಕ್ಕೊಮ್ಮೆ ಕೊಡಲೇಬೇಕಾದ ಕಾಗದ ಅದು. ಹೇಗೆ ತುಂಬುತ್ತೇವೆ ಅನ್ನುವುದು ನನಗೂ ಗೊತ್ತು, ನಿಮಗೂ ಗೊತ್ತು. ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ತುಂಬಿದ್ದನ್ನು ಪಕ್ಕದಲ್ಲಿಟ್ಟುಕೊಂಡು, ಹಾಗೇ ಬರೆದು, ಸಹಿ ಹಾಕಿ, ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟು ಬರುತ್ತೇವೆ. ಇವತ್ತಿನ ಕತೆ ಆ ಕಾಗದದ ಒಂದು ಜೆರಾಕ್ಸ್ ಪ್ರತಿಯಿಂದ ಶುರುವಾಗುತ್ತದೆ.

ತಿಪಟೂರು ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಟೀಚರ್ ಅವರು. ಸೇರಿ ಮೂರು ವರ್ಷವಾಗಿತ್ತು. ಹೆಸರು ಬೇಡ, ಟೀಚರ್ ಅಂತಲೇ ಕರೆಯೋಣ. ಲೆಕ್ಕ ಹೇಳುವುದಕ್ಕೆ ಅವರ ಒಪ್ಪಿಗೆ ಇದೆ, ಅಂಕಿಗಳನ್ನು ಮಾತ್ರ ಸ್ವಲ್ಪ ದುಂಡು ಮಾಡಿದ್ದೇನೆ. ಬಾಡಿಗೆ ಮನೆಯಲ್ಲಿ ತಾಯಿಯ ಜೊತೆ ಇದ್ದಾರೆ. ತಮ್ಮ ತುಮಕೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದಾನೆ. ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ಕೆಲಸ ಮಾಡಿ ನಿವೃತ್ತನಾದವನು ಅಂತ ಯಾರೋ ಹೇಳಿದ್ದರಂತೆ, ಮನೆಗೆ ಬಂದರು.

"ಸರ್, ಒಂದು ಸೈಟ್ ತಗೋಬೇಕು. ನನ್ನ ಹತ್ರ ಐದೂವರೆ ಲಕ್ಷ ಇದೆ, ಮಿಕ್ಕಿದ್ದಕ್ಕೆ ಸಾಲ ಸಿಗುತ್ತಾ?"

"ಐದೂವರೆ ಲಕ್ಷ ಎಲ್ಲಿದೆ?" ಅಂದೆ. ಜೆರಾಕ್ಸ್ ತೆಗೆದು ಮುಂದಿಟ್ಟರು. ಆಸ್ತಿ: ಕಾರು 6,50,000. ಚಿನ್ನ 40 ಗ್ರಾಂ, 2,80,000. ಚೀಟಿ 1,00,000. ಉಳಿತಾಯ ಖಾತೆಯಲ್ಲಿ 20,000. ಎಲ್ಲ ಸೇರಿ ಹತ್ತೂವರೆ ಲಕ್ಷ. ಹೊಣೆಗಾರಿಕೆ: ಕಾರಿನ ಸಾಲ 5,00,000. ಕಳೆದರೆ ಐದೂವರೆ. ಕೂಡಿ ಕಳೆಯುವುದರಲ್ಲಿ ತಪ್ಪಿರಲಿಲ್ಲ.

ನಾವು ಒಂದೊಂದೇ ಸಾಲನ್ನು ಹಿಡಿದು ನೋಡಿದೆವು. ಕಾರಿಗೆ ಬರೆದಿದ್ದು ಆನ್‌ರೋಡ್ ಬೆಲೆ, ಅಂದರೆ ರಸ್ತೆ ತೆರಿಗೆ, ಮೊದಲ ವರ್ಷದ ವಿಮೆ ಎಲ್ಲ ಸೇರಿದ್ದು. ವರ್ಷ ಕಳೆದ ಕಾರನ್ನು ಕೊಳ್ಳುವವನು ನೀವು ಕಟ್ಟಿದ ತೆರಿಗೆಗೆ ದುಡ್ಡು ಕೊಡುತ್ತಾನಾ? ಅದೇ ಮಾಡೆಲ್‌ಗೆ ಊರಿನಲ್ಲಿ ಕೇಳಿಸಿದಾಗ ಐದು ಲಕ್ಷ ಅಂದರು. ಒಂದು ಮಾತು ಹೇಳಿಬಿಡುತ್ತೇನೆ: ಸರ್ಕಾರಿ ಪಟ್ಟಿಯಲ್ಲಿ ಕೊಂಡ ಬೆಲೆ ಬರೆಯುವುದಕ್ಕೆ ಅರ್ಥವಿದೆ, ಯಾಕೆಂದರೆ ಆದಾಯಕ್ಕೆ ಮೀರಿ ಆಸ್ತಿ ಮಾಡಿದ್ದಾರಾ ಅಂತ ನೋಡುವುದು ಅದರ ಉದ್ದೇಶ. ನಿಮ್ಮ ಮನೆಯ ಲೆಕ್ಕಕ್ಕೆ ಬೇಕಾಗಿರುವುದು ಇವತ್ತು ಮಾರಿದರೆ ಏನು ಸಿಗುತ್ತದೆ ಅನ್ನುವುದು. ಎರಡೂ ಬೇರೆ ಬೇರೆ ಅಂಕಿ.

ಕಾರಿನ ಸಾಲದಲ್ಲಿ ಟೀಚರ್ ತಮಗೇ ಅನ್ಯಾಯ ಮಾಡಿಕೊಂಡಿದ್ದರು. ಐದು ಲಕ್ಷ ಅನ್ನುವುದು ಮಂಜೂರಾದ ಸಾಲ. ಶೇ 10 ಬಡ್ಡಿ, ಐದು ವರ್ಷದ ಅವಧಿ, ತಿಂಗಳ ಕಂತು ಸುಮಾರು 10,600. ಒಂದು ವರ್ಷ ಕಟ್ಟಿದ ಮೇಲೆ ಬಾಕಿ ಸುಮಾರು 4,19,000ಕ್ಕೆ ಇಳಿದಿತ್ತು. ಇಲ್ಲಿ 81,000 ಅವರ ಪಾಲಿಗೆ ಬಂತು.

ಚೀಟಿಯ ಸಾಲಿನಲ್ಲಿ ಮಾತ್ರ ಬಹಳ ಹೊತ್ತು ಕೂತೆವು. ಇಪ್ಪತ್ತು ಜನರ, ಇಪ್ಪತ್ತು ತಿಂಗಳ, ಒಂದು ಲಕ್ಷದ ಚೀಟಿ. ಹತ್ತು ಕಂತು ಕಟ್ಟಿಯಾಗಿದೆ. "ಚೀಟಿ ಎತ್ತಿದ್ದೀರಾ?" ಅಂತ ಕೇಳಿದೆ. ಆರನೇ ತಿಂಗಳೇ ಕೂಗಿ ಎತ್ತಿದ್ದರು. ಕಡಿತ ಹೋಗಿ 78,000 ಕೈಗೆ ಬಂದಿತ್ತು. ಫ್ರಿಡ್ಜು, ತಮ್ಮನ ಲ್ಯಾಪ್‌ಟಾಪು, ತಾಯಿಯ ಕಣ್ಣಿನ ಆಪರೇಷನ್, ಎಲ್ಲದಕ್ಕೂ ಖರ್ಚಾಗಿತ್ತು. ಹಾಗಾದರೆ ಈಗ ಆ ಚೀಟಿ ಏನು? ಎತ್ತುವ ತನಕ ನೀವು ಕಟ್ಟಿದ್ದು ಉಳಿತಾಯ, ಮಿಕ್ಕವರಿಂದ ನಿಮಗೆ ಬರಬೇಕಾದ ದುಡ್ಡು. ಎತ್ತಿದ ದಿನ ಅದು ತಿರುಗಿಬಿಡುತ್ತದೆ. ಅಲ್ಲಿಂದ ಮುಂದಿನ ಪ್ರತಿ ಕಂತೂ ನೀವು ತೀರಿಸಬೇಕಾದ ಸಾಲ. ಉಳಿದ ಹತ್ತು ಕಂತು, ಕೂಗಿನ ಕಡಿತದಿಂದ ಎಲ್ಲರಿಗೂ ಹಂಚಿ ಬರುವ ಡಿವಿಡೆಂಡ್ ಕಳೆದು ತಿಂಗಳಿಗೆ ಸುಮಾರು 4,500 ಅಂತ ಹಿಡಿದರೆ 45,000 ಸಾಲ. ಆಸ್ತಿ ಕಡೆಯಿಂದ ಒಂದು ಲಕ್ಷ ಹೊಡೆದು ಹಾಕಬೇಕು, ಸಾಲದ ಕಡೆ 45,000 ಬರೆಯಬೇಕು. ಒಂದೇ ಚೀಟಿಯಿಂದ 1,45,000 ವ್ಯತ್ಯಾಸ! ಬ್ಯಾಂಕಿನಲ್ಲಿದ್ದಾಗ ಓದಿದವರು, ಓದದವರು ಎಲ್ಲರೂ ಈ ತಪ್ಪು ಮಾಡುವುದನ್ನು ನೋಡಿದ್ದೇನೆ. ಚೀಟಿ ಕಟ್ಟುತ್ತಿದ್ದೇವೆ ಅಂದಕೂಡಲೇ ಉಳಿಸುತ್ತಿದ್ದೇವೆ ಅಂತ ಮನಸ್ಸಿಗೆ ಅನಿಸುತ್ತದೆ.

ಚಿನ್ನ ಎಲ್ಲಿದೆ ಅಂತ ಕೇಳಿದೆ. ಟೀಚರ್ ಸ್ವಲ್ಪ ತಡೆದು, "ಸೊಸೈಟಿಯಲ್ಲಿದೆ ಸರ್" ಅಂದರು. ಕಾರಿಗೆ ಮುಂಗಡ ಕಟ್ಟಲು ಅಡವಿಟ್ಟಿದ್ದು. ಒಂದೂವರೆ ಲಕ್ಷ ಸಾಲ, ಶೇ 12 ಬಡ್ಡಿ, ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಕರಾರು. ವರ್ಷ ತುಂಬಿತ್ತು. ಅಲ್ಲಿಗೆ 1,68,000. ಕೊನೆಗೆ ಇನ್ನೊಂದು ಹೊರಬಿತ್ತು: ತಮ್ಮನ ಅಡ್ಮಿಷನ್‌ಗೆ ಸೋದರಮಾವ ಕೊಟ್ಟ ಕೈಗಡ, ಒಂದು ಲಕ್ಷ. "ಮಾವ ಕೇಳಲ್ಲ ಸರ್, ಅದಕ್ಕೆ ಬರೀಲಿಲ್ಲ." ಕೇಳದಿದ್ದರೂ ಕೊಡಬೇಕಲ್ವಾ? ಬರೆದುಕೊಂಡೆವು. ಚೀಟಿಯೂ ಮಾವನ ಕೈಗಡವೂ ಸಿಬಿಲ್ ವರದಿಯಲ್ಲಿ ಕಾಣುವುದಿಲ್ಲ. ಬ್ಯಾಂಕಿಗೆ ಕಾಣದ ಸಾಲ ನಮಗಾದರೂ ಕಾಣಬೇಕು.

ಈಗ ಕೂಡಿಸಿ. ಕಾರು ಐದು ಲಕ್ಷ, ಚಿನ್ನ 2,80,000, ಖಾತೆಯಲ್ಲಿ 20,000. ಒಟ್ಟು ಎಂಟು ಲಕ್ಷ. ಸಾಲಗಳು 4,19,000, 1,68,000, 45,000 ಮತ್ತು ಒಂದು ಲಕ್ಷ. ಒಟ್ಟು 7,32,000. ಉಳಿದದ್ದು 68,000.

ಕೈಗೆ 45,500 ಸಂಬಳ ಬರುವ ಮನೆಯ ನೆಟ್ ವರ್ತ್, ಅಂದರೆ ಸಾಲ ಕಳೆದು ಉಳಿಯುವ ಆಸ್ತಿ, ಒಂದೂವರೆ ತಿಂಗಳ ಸಂಬಳದಷ್ಟು. ಟೀಚರ್ ಸುಮ್ಮನೆ ಕಾಗದ ನೋಡುತ್ತಾ ಕೂತರು. ಆಮೇಲೆ ಕೇಳಿದ ಪ್ರಶ್ನೆ ಬಹಳ ಒಳ್ಳೆಯದು: "ಮೂರು ವರ್ಷ ದುಡಿದಿದ್ದೆಲ್ಲ ಎಲ್ಲಿ ಹೋಯ್ತು ಸರ್?"

ಅದಕ್ಕೆ ಉತ್ತರ ಈ ಪಟ್ಟಿಯಲ್ಲಿ ಇಲ್ಲ. ಪಟ್ಟಿ ಹೇಳುವುದು ಇವತ್ತು ಏನಿದೆ ಅನ್ನುವುದನ್ನು. ಎಲ್ಲಿ ಹೋಯಿತು ಅಂತ ತಿಳಿಯಲು ತಿಂಗಳ ಖರ್ಚಿನ ಲೆಕ್ಕವೇ ಬೇಕು. ಅದೃಷ್ಟಕ್ಕೆ ಅವರ ತಾಯಿ ಒಂದು ನೋಟ್‌ಬುಕ್ ಇಟ್ಟಿದ್ದರು, ಹಾಲಿನ ಲೆಕ್ಕದಿಂದ ಹಿಡಿದು ಮುಯ್ಯಿ ಮಾಡಿದ್ದರವರೆಗೆ. ಬಾಡಿಗೆ 7,000. ದಿನಸಿ, ಹಾಲು, ತರಕಾರಿ, ಗ್ಯಾಸ್ 9,000. ತಮ್ಮನಿಗೆ 6,000. ಕಾರಿನ ಕಂತು 10,600. ಚೀಟಿ 4,500. ಪೆಟ್ರೋಲು, ಫೋನು 4,000. ಔಷಧಿ, ಬಟ್ಟೆ, ಹಬ್ಬ, ಮುಯ್ಯಿ ಎಲ್ಲ ಸೇರಿ 3,400. ಮೊತ್ತ 44,500. ತಿಂಗಳಿಗೆ ಉಳಿಯುವುದು ಒಂದು ಸಾವಿರ.

ಹಾಗಾದರೆ ತಿಂಗಳಿಗೆ ಅವರ ಆಸ್ತಿ ಬೆಳೆಯುವುದು ಒಂದು ಸಾವಿರ, ಅಲ್ವಾ? ಅಲ್ಲ. ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಕೇಳಿ.

ಈ ನೋಟ್‌ಬುಕ್ಕಿನಲ್ಲಿ ಎರಡು ಜಾತಿಯ ಖರ್ಚು ಕಲಸಿಕೊಂಡಿದೆ. ಬಾಡಿಗೆ, ಅಕ್ಕಿ, ಪೆಟ್ರೋಲು ಹೋಯಿತು ಅಂದರೆ ಹೋಯಿತು. ಚೀಟಿಯ ಕಂತು ಹಾಗಲ್ಲ. 4,500 ಕೈಯಿಂದ ಹೋಯಿತು, ಆದರೆ ಸಾಲವೂ 4,500 ಕಡಿಮೆಯಾಯಿತು. ದುಡ್ಡು ಜಾಗ ಬದಲಿಸಿತು ಅಷ್ಟೇ. ಕಾರಿನ ಕಂತು ಸ್ವಲ್ಪ ಹೀಗೆ, ಸ್ವಲ್ಪ ಹಾಗೆ. ಹದಿಮೂರನೇ ತಿಂಗಳ 10,600ರಲ್ಲಿ ಸುಮಾರು 3,500 ಬಡ್ಡಿ, ಅದು ಹೋದ ದುಡ್ಡು. ಉಳಿದ 7,100 ಅಸಲು, ಅಷ್ಟು ಸಾಲ ಇಳಿಯುತ್ತದೆ. ಬ್ಯಾಂಕಿನಿಂದ ಕಂತಿನ ಪಟ್ಟಿ ಕೇಳಿ ತೆಗೆದುಕೊಂಡರೆ ಪ್ರತಿ ತಿಂಗಳ ಅಸಲು, ಬಡ್ಡಿ ಬೇರೆ ಬೇರೆ ಕಾಣುತ್ತವೆ. ಮೊದಮೊದಲು ಬಡ್ಡಿ ಜಾಸ್ತಿ, ಹೋಗ್ತಾ ಹೋಗ್ತಾ ಅಸಲು ಜಾಸ್ತಿ.

ಇನ್ನು ನೋಟ್‌ಬುಕ್ಕಿಗೆ ಬಾರದೇ ಇರುವುದು. ಚಿನ್ನದ ಸಾಲದ ಬಡ್ಡಿ ತಿಂಗಳಿಗೆ 1,500. ಯಾರೂ ಬಂದು ಕೇಳುವುದಿಲ್ಲ, ಮೊಬೈಲಿಗೆ ಮೆಸೇಜೂ ಬರುವುದಿಲ್ಲ, ಸೊಸೈಟಿಯ ಪುಸ್ತಕದಲ್ಲಿ ಮಾತ್ರ ಏರುತ್ತಿರುತ್ತದೆ. ಕಾರಿನ ಬೆಲೆ ಮುಂದಿನ ವರ್ಷ ಇನ್ನೂ 70,000 ಇಳಿಯಬಹುದು ಅಂತ ಅಂದಾಜು ಮಾಡಿದೆವು. ತಿಂಗಳಿಗೆ ಸುಮಾರು 5,800. ಯಾವ ತಾರೀಕಿಗೂ ಯಾವ ಅಂಗಡಿಯಲ್ಲೂ ಕೊಡದ ದುಡ್ಡು, ಆದರೂ ಮನೆಯಿಂದ ಹೋಗುತ್ತಲೇ ಇದೆ. ಬಡ್ಡಿ 3,500 ಮತ್ತು ಇಳಿಯುವ ಬೆಲೆ 5,800 ಸೇರಿಸಿದರೆ, ಪೆಟ್ರೋಲು ಹಾಕುವ ಮುಂಚೆಯೇ ಕಾರಿನ ನಿಜವಾದ ಖರ್ಚು ತಿಂಗಳಿಗೆ 9,300. ಕಾರು ಕಾಂಪೌಂಡಿನಲ್ಲಿ ನಿಂತಿದ್ದರೂ ಅಷ್ಟೇ.

ಸಂಬಳ ಕೈಗೆ ಬರುವ ಮೊದಲೇ ನಡೆದು ಹೋಗುವುದೂ ಇದೆ. ಟೀಚರ ಒಟ್ಟು ವೇತನ 54,000. ಅದರಲ್ಲಿ ಎನ್‌ಪಿಎಸ್ ಅನ್ನುವ ಪಿಂಚಣಿ ಯೋಜನೆಗೆ 5,000, ರಾಜ್ಯ ಸರ್ಕಾರಿ ನೌಕರರ ಜೀವ ವಿಮೆಯಾದ ಕೆಜಿಐಡಿಗೆ 3,000, ವೃತ್ತಿ ತೆರಿಗೆ ಮತ್ತು ಗುಂಪು ವಿಮೆಗೆ 500 ಹಿಡಿದು 45,500 ಕೊಡುತ್ತಾರೆ. ವೃತ್ತಿ ತೆರಿಗೆ ಹೋದದ್ದು. ಎನ್‌ಪಿಎಸ್ ಹಾಗಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಈ ಪದ್ಧತಿ ಇದೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ನಮ್ಮಿಂದ ಹೋಗುತ್ತದೆ, ಸರ್ಕಾರ ಶೇ 14 ಹಾಕುತ್ತದೆ. ಟೀಚರ ಲೆಕ್ಕದಲ್ಲಿ ಅದು 5,000 ಮತ್ತು 7,000. ತಿಂಗಳಿಗೆ 12,000 ಎನ್‌ಪಿಎಸ್‌ನಲ್ಲಿ ಅವರ ಹೆಸರಿನ ಪ್ರಾನ್ ಖಾತೆಗೆ ಬೀಳುತ್ತಿತ್ತು, ಅವರು ಮೂರು ವರ್ಷದಲ್ಲಿ ಒಮ್ಮೆಯೂ ಲಾಗಿನ್ ಆಗಿ ನೋಡಿರಲಿಲ್ಲ! ಅಲ್ಲೇ ತೆಗೆದು ನೋಡಿದರೆ 3,60,000 ಇತ್ತು.

ಕೆಜಿಐಡಿಗೆ ನಾವು ಸೊನ್ನೆ ಬರೆದೆವು. ಅದರಲ್ಲಿ ಏನೂ ಇಲ್ಲ ಅಂತಲ್ಲ. ಮೂರು ವರ್ಷದ ಪಾಲಿಸಿಯನ್ನು ಇವತ್ತು ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ ಅನ್ನುವ ಕಾಗದ ಕೈಯಲ್ಲಿರಲಿಲ್ಲ. ಕಾಗದ ಇಲ್ಲದ ಆಸ್ತಿಯನ್ನು ಕಡಿಮೆ ಹಿಡಿಯುವುದು ನನ್ನ ಹಳೆಯ ಅಭ್ಯಾಸ.

ಈಗ ತಿಂಗಳ ನಿಜವಾದ ಲೆಕ್ಕ. ಉಳಿದದ್ದು 1,000, ಕಾರಿನ ಅಸಲು 7,100, ಚೀಟಿ 4,500, ಎನ್‌ಪಿಎಸ್ 12,000. ಒಟ್ಟು 24,600 ಮೇಲಕ್ಕೆ. ಚಿನ್ನದ ಬಡ್ಡಿ 1,500, ಕಾರಿನ ಇಳಿಕೆ 5,800. ಒಟ್ಟು 7,300 ಕೆಳಕ್ಕೆ. ಹಾಗಾಗಿ ಟೀಚರ ನೆಟ್ ವರ್ತ್ ತಿಂಗಳಿಗೆ ಸುಮಾರು 17,300 ಬೆಳೆಯುತ್ತಿತ್ತು. ಸಾವಿರ ಅಂದುಕೊಂಡಿದ್ದು 17,300 ಆಗಿದ್ದಕ್ಕೆ ಅವರ ಮುಖ ಅರಳಿತು. ನಾನು ಮತ್ತೆ ತಣ್ಣೀರು ಹಾಕಬೇಕಾಯಿತು. ಆ 17,300ರಲ್ಲಿ 12,000 ನಿವೃತ್ತಿಯವರೆಗೆ ಬೀಗ ಹಾಕಿದ ದುಡ್ಡು. ಮನೆ, ಮದುವೆ, ಓದು, ಕಾಯಿಲೆಯಂಥ ಕಾರಣಗಳಿಗೆ ಮಧ್ಯೆ ತೆಗೆಯಬಹುದು, ಆದರೆ ಮಿತಿ ಇದೆ: ನಾವು ಕಟ್ಟಿದ್ದರಲ್ಲಿ ಕಾಲು ಭಾಗ ಮಾತ್ರ. ನಿವೃತ್ತಿಯ ಹೊತ್ತಿಗೂ ಸರ್ಕಾರಿ ನೌಕರರು ಕನಿಷ್ಠ ಶೇ 40ನ್ನು ಪಿಂಚಣಿಗೆ ಹಾಕಬೇಕು. ಅದಕ್ಕೇ ನಾನು ಯಾವಾಗಲೂ ಎರಡು ಅಂಕಿ ಬರೆಸುತ್ತೇನೆ. ಎನ್‌ಪಿಎಸ್ ಸೇರಿದರೆ 4,28,000. ಸೇರದಿದ್ದರೆ 68,000. ವಯಸ್ಸಾದ ಮೇಲಿನ ಬದುಕಿಗೆ ಮೊದಲ ಅಂಕಿ, ನಾಳೆ ಬರುವ ಕಷ್ಟಕ್ಕೆ ಎರಡನೆಯದು.

ಇದರ ಉಲ್ಟಾ ಕೂಡ ಇರುತ್ತದೆ. ಟೀಚರ ಮನೆ ಓನರ್ ಒಬ್ಬ ಅಜ್ಜಿ. ಎರಡು ಮನೆ, ಒಂದಷ್ಟು ತೆಂಗಿನ ಮರ, ಸಾಲ ಇಲ್ಲ. ಮಾರಿದರೆ ಎಷ್ಟೋ ಲಕ್ಷ. ಆದರೆ ತಿಂಗಳಿಗೆ ಕೈಗೆ ಬರುವುದು ಬಾಡಿಗೆ 7,000 ಮತ್ತು ಗೃಹಲಕ್ಷ್ಮಿಯ 2,000. ಕೊಬ್ಬರಿಯ ದುಡ್ಡು ತಿಂಗಳಿಗೆ ಬರುವಂಥದ್ದಲ್ಲ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿ ಉಂಡೆ ಕೊಬ್ಬರಿಯಾಗಿ, ಸುಲಿದು, ತಿಪಟೂರು ಮಾರುಕಟ್ಟೆಗೆ ಹೋದ ಮೇಲೆ ಒಟ್ಟಿಗೆ ಬರುತ್ತದೆ. ಅಷ್ಟರೊಳಗೆ ಸಿಲಿಂಡರ್ ಖಾಲಿಯಾದರೆ ಅಜ್ಜಿ ಬಾಡಿಗೆದಾರರ ಮನೆ ಬಾಗಿಲಿಗೆ ಬಂದು, "ಮಗಾ, ಐನೂರು ಇದ್ರೆ ಕೊಡು, ಬಾಡಿಗೇಲಿ ಮುರ್ಕೋ" ಅನ್ನುತ್ತಾರೆ. ಟೀಚರ್ ಇಷ್ಟು ದಿನ ಅಜ್ಜಿಯನ್ನು ಬಡವರು ಅಂದುಕೊಂಡಿದ್ದರಂತೆ. ಅಜ್ಜಿ ಟೀಚರನ್ನು ಶ್ರೀಮಂತರು ಅಂದುಕೊಂಡಿದ್ದರು, ಬಾಗಿಲಲ್ಲಿ ಕಾರು ಇತ್ತಲ್ಲ!

ಎರಡೂ ಲೆಕ್ಕ ಪಕ್ಕಪಕ್ಕದಲ್ಲಿಟ್ಟರೆ ಏನು ಲಾಭ ಅಂತ ಕೇಳಿದರೆ, ಕಾರಿನ ವಿಷಯದಲ್ಲಿ ಗೊತ್ತಾಗುತ್ತದೆ. ಅವತ್ತೇ ಕಾರು ಮಾರಿದ್ದರೆ ಐದು ಲಕ್ಷ ಬಂದು, 4,19,000 ಸಾಲ ತೀರಿ, 81,000 ಉಳಿಯುತ್ತಿತ್ತು. ಅವಧಿಗೆ ಮುಂಚೆ ತೀರಿಸುವುದಕ್ಕೆ ಬ್ಯಾಂಕ್ ಹಿಡಿಯುವ ಶುಲ್ಕ, ದಲ್ಲಾಳಿ ಕಮಿಷನ್ ಬಿಟ್ಟರೆ ಆ ದಿನ ಅವರ ನೆಟ್ ವರ್ತ್‌ನಲ್ಲಿ ಒಂದು ರೂಪಾಯಿಯೂ ಹೆಚ್ಚು ಕಡಿಮೆಯಾಗುತ್ತಿರಲಿಲ್ಲ. ಆದರೆ ಮರುದಿನದಿಂದ ತಿಂಗಳ ಬಜೆಟ್‌ನಲ್ಲಿ 10,600 ಬಿಡುವಾಗುತ್ತಿತ್ತು. ಹಬ್ಬದ ಮುಂಗಡ ಇದಕ್ಕೆ ತದ್ವಿರುದ್ಧ. ಆ ತಿಂಗಳು ಕೈ ತುಂಬಿರುತ್ತದೆ, ಬಡ್ಡಿಯೂ ಇಲ್ಲ. ಆದರೆ ಬಂದಷ್ಟೇ ಸಾಲವೂ ಬಂದಿದೆ, ಮುಂದಿನ ಸಂಬಳಗಳಲ್ಲಿ ಕಂತಾಗಿ ಮುರಿದುಕೊಳ್ಳುತ್ತಾರೆ.

ಕಾರು ಮಾರಿ, ಸ್ಕೂಟರ್ ತಗೊಳ್ಳಿ ಅಂತ ನಾನು ಹೇಳಿದೆ. ಟೀಚರ್ ಒಪ್ಪಲಿಲ್ಲ. ತಾಯಿಗೆ ಮಂಡಿ ನೋವು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಬಸ್ ಹತ್ತಿಸಲಾಗುವುದಿಲ್ಲ ಅಂದರು. ತಿಂಗಳಿಗೊಮ್ಮೆ ಬಾಡಿಗೆ ಕಾರು ಮಾಡಿದರೂ 9,300 ಆಗುವುದಿಲ್ಲ ಅನ್ನುವುದು ಈಗಲೂ ನನ್ನ ಅಭಿಪ್ರಾಯ. ಆದರೆ ಮನೆ ಅವರದು, ತಾಯಿ ಅವರ ತಾಯಿ. ಖರ್ಚು ಎಷ್ಟು ಅಂತ ಗೊತ್ತಿದ್ದೇ ಇಟ್ಟುಕೊಂಡಿದ್ದಾರೆ.

ಅವರು ಬೇರೆ ಎರಡು ಕೆಲಸ ಮಾಡಿದರು. ಅದೇ ದಾರಿಯ ಇಬ್ಬರು ಶಿಕ್ಷಕರನ್ನು ಕಾರಿಗೆ ಹತ್ತಿಸಿಕೊಂಡು ಪೆಟ್ರೋಲು ಹಂಚಿಕೊಂಡರು, 1,500 ಉಳಿಯಿತು. ಅದನ್ನು ನೇರವಾಗಿ ಸೊಸೈಟಿಗೆ ಚಿನ್ನದ ಬಡ್ಡಿಯಾಗಿ ತಿಂಗಳು ತಿಂಗಳು ಕಟ್ಟಿದರು. ಬಾಕಿ ಇದ್ದ ಹಳೆಯ 18,000ವನ್ನು ತುಟ್ಟಿಭತ್ಯೆಯ ಹಿಂಬಾಕಿ ಬಂದಾಗ ತೀರಿಸಿದರು. ಎರಡನೆಯದು, ಚೀಟಿ ಮುಗಿದ ಮರುತಿಂಗಳೇ ಆ 4,500 ಚಿನ್ನದ ಅಸಲಿಗೆ ಹೋಗಬೇಕು ಅಂತ ಮೊದಲೇ ಬರೆದಿಟ್ಟರು. ಹಾಗೆ ಬರೆಯದಿದ್ದರೆ ಏನಾಗುತ್ತಿತ್ತು ಅಂತ ನಿಮಗೂ ಗೊತ್ತು. ಸ್ಟಾಫ್ ರೂಮಿನಲ್ಲಿ ಇನ್ನೊಂದು ಚೀಟಿ ಶುರುವಾಗಿರುತ್ತಿತ್ತು. ಸೈಟ್ ಮಾತು ಸದ್ಯಕ್ಕೆ ನಿಂತಿದೆ. ಮಾವನಿಗೆ ಮುಂದಿನ ಹಿಂಬಾಕಿಯಿಂದ ಕೊಡುತ್ತೇನೆ ಅಂದಿದ್ದಾರೆ. ಸರ್ಕಾರಿ ಪಟ್ಟಿಯಲ್ಲೂ ಬಿಟ್ಟುಹೋಗಿದ್ದ ಸಾಲಗಳನ್ನು ಸೇರಿಸಿ ಬರೆದುಕೊಟ್ಟರು.

ಪ್ರಶ್ನೆಗಳಿಗೆ ಬರೋಣ. ಒಬ್ಬ ಮೇಷ್ಟ್ರು ಕೇಳಿದರು: "ಊರಲ್ಲಿ ಅಪ್ಪನ ಹೆಸರಲ್ಲಿ ಎರಡು ಎಕರೆ ಇದೆ, ಬರೀಬಹುದಾ?" ಪಹಣಿಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ನಿಮ್ಮ ಲೆಕ್ಕದಲ್ಲಿ ಬೇಡ. ಅಣ್ಣತಮ್ಮಂದಿರು ಎಷ್ಟು ಜನ, ಭಾಗ ಯಾವಾಗ, ಜಮೀನಿನ ಮೇಲೆ ಬೆಳೆ ಸಾಲ ಇದೆಯಾ, ಇದ್ಯಾವುದೂ ನಿಮ್ಮ ಕೈಯಲ್ಲಿಲ್ಲ. ಬೇಕಿದ್ದರೆ ಕೆಳಗೆ ಒಂದು ಟಿಪ್ಪಣಿ ಹಾಕಿಕೊಳ್ಳಿ, ಕೂಡಿಸಬೇಡಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ, ಸೈಟ್ ನಿಮ್ಮ ಹೆಸರಲ್ಲೇ ಇದ್ದರೂ ಇ-ಸ್ವತ್ತು ಆಗಿದೆಯಾ ನೋಡಿ. ಇಲ್ಲದಿದ್ದರೆ ಮಾರುವಾಗ ತೊಡಕಾಗುತ್ತದೆ, ಬ್ಯಾಂಕೂ ಹಿಂದೇಟು ಹಾಕುತ್ತದೆ. ಪಕ್ಕದ ಸೈಟ್ ಹೋದ ಬೆಲೆಯನ್ನು ಅದಕ್ಕೆ ಬರೆಯಬೇಡಿ.

ಇನ್ನೊಬ್ಬ ಮೇಡಂ ಕೇಳಿದ್ದು: "ಎಷ್ಟು ದಿನಕ್ಕೊಮ್ಮೆ ಮಾಡಬೇಕು ಸರ್?" ಖರ್ಚಿನ ಲೆಕ್ಕ ತಿಂಗಳು ತಿಂಗಳು. ಆಸ್ತಿಯ ಲೆಕ್ಕ ವರ್ಷಕ್ಕೊಮ್ಮೆ ಸಾಕು, ಹೇಗೂ ಆ ಸರ್ಕಾರಿ ಪಟ್ಟಿ ತುಂಬುತ್ತೀರಲ್ಲ, ಅದೇ ದಿನ ಇನ್ನೊಂದು ಹಾಳೆಯಲ್ಲಿ ಇವತ್ತಿನ ಬೆಲೆ ಹಾಕಿ ಬರೆಯಿರಿ. ಚಿನ್ನದ ದರ ಏರಿದ ಪ್ರತಿ ವಾರ ಕೂಡಿಸುತ್ತಾ ಕೂರಬೇಡಿ. ಹೋದ ವರ್ಷಕ್ಕಿಂತ ಬೆಳೆದಿದ್ದರೆ, ನಿಮ್ಮ ಉಳಿತಾಯದಿಂದ ಬೆಳೆದದ್ದೆಷ್ಟು, ಚಿನ್ನದ ದರ ಏರಿದ್ದರಿಂದ ಬೆಳೆದದ್ದೆಷ್ಟು ಅಂತ ಬೇರೆ ಮಾಡಿ ಬರೆದುಕೊಳ್ಳಿ, ಯಾಕೆಂದರೆ ದರ ಇಳಿದ ವರ್ಷ ಎರಡನೆಯದು ವಾಪಸ್ ಹೋಗುತ್ತದೆ.